ತ್ರಿಕೋನ ಅಲೆಯ ಚೌಕ ಮೂಲೆಗಳು

ಆಪ್-ಆಂಪ್ ಡಿಫರೆನ್ಶಿಯೇಟರ್‌ಗೆ ತ್ರಿಕೋನ ಅಲೆ ಕೊಟ್ಟರೆ ಚೌಕ ಅಲೆ ಬರಬೇಕು. ಆದರೆ ಆಸಿಲೋಸ್ಕೋಪಿನಲ್ಲಿ ಮೂಲೆಗಳು ನಡುಗುತ್ತವೆ, ಗೆರೆ ದಪ್ಪಗೆ ಮಸುಕಾಗುತ್ತದೆ.

ಮಸುಕಿಗೆ ಕಾರಣ ನಾಯ್ಸ್. ಆವರ್ತನ ಹತ್ತು ಪಟ್ಟಾದರೆ ವರ್ಧನೆಯೂ ಹತ್ತು ಪಟ್ಟಾಗುವುದರಿಂದ ಸಣ್ಣ ಗದ್ದಲವೂ ಹಿಗ್ಗುತ್ತದೆ. ನಡುಕಕ್ಕೆ ಕಾರಣ ವಿಳಂಬ. ಆಪ್-ಆಂಪ್ ತಾನೇ ಸುಮಾರು 90 ಡಿಗ್ರಿ ಹಿಂದುಳಿಯುತ್ತದೆ. ಫೀಡ್‌ಬ್ಯಾಕ್ ಹಾದಿ ಇನ್ನೂ ಹೆಚ್ಚುಕಡಿಮೆ ಅಷ್ಟನ್ನು ಸೇರಿಸಿ ಮಂಡಲವನ್ನು ಆಂದೋಲನದ ಅಂಚಿಗೆ ತಳ್ಳುತ್ತದೆ.

ಇನ್‌ಪುಟ್ ಕೆಪಾಸಿಟರ್ 10 ನ್ಯಾನೋಫ್ಯಾರಡ್, ಫೀಡ್‌ಬ್ಯಾಕ್ ರೆಸಿಸ್ಟರ್ 100 ಕಿಲೋಓಮ್ ಎಂದಿಟ್ಟುಕೊಳ್ಳಿ. ಕೆಪಾಸಿಟರ್‌ನೊಂದಿಗೆ ಸರಣಿಯಲ್ಲಿ 1 ಕಿಲೋಓಮ್ ಸೇರಿಸಿದರೆ ವರ್ಧನೆ 100 ಪಟ್ಟು ಮೀರದು. ಫೀಡ್‌ಬ್ಯಾಕ್ ರೆಸಿಸ್ಟರಿಗೆ ಸಮಾಂತರವಾಗಿ 100 ಪಿಕೋಫ್ಯಾರಡ್ ಇಟ್ಟರೆ, ಸುಮಾರು 16 ಕಿಲೋಹರ್ಟ್ಸ್ ದಾಟಿದ ಮೇಲೆ ಅದು ಇಳಿಯತೊಡಗುತ್ತದೆ. ವಿಳಂಬವೂ ತಗ್ಗಿ ನಡುಕ ನಿಲ್ಲುತ್ತದೆ.

ಇದಕ್ಕೆ ತೆರುವ ಬೆಲೆ: ನಿಖರ ಡಿಫರೆನ್ಶಿಯೇಷನ್ ಸುಮಾರು 1.6 ಕಿಲೋಹರ್ಟ್ಸ್‌ವರೆಗೆ ಮಾತ್ರ.