ಅಡ್ವಾನ್ಸ್ ವಾಪಸ್ ಕೇಳುವ ಕಾಗದ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿ ಅಡ್ವಾನ್ಸ್ ಕೇಳಲು ಹೋದವರಿಗೆ ಮೊದಲು ಸಿಗುವ ಉತ್ತರ ಸಾಮಾನ್ಯವಾಗಿ ಇದೇ: ‘ಹೊಸಬರು ಬರ್ಲಿ, ಕೊಡ್ತೀನಿ.’ ಇದರ ಹಿಂದೆ ಪ್ರತಿಸಲವೂ ಮೋಸ ಇರುತ್ತದೆ ಎನ್ನಲಾಗದು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿ ಈ ಊರಿನಲ್ಲಿ ಬಹಳ ಕಾಲ ನಡೆದಿದೆ. ಈಗ ಎಷ್ಟೋ ಕಡೆ ಅದು ಇಳಿದಿದ್ದರೂ ಮೊತ್ತ ದೊಡ್ಡದೇ. ಆ ಹಣವನ್ನು ಮುಟ್ಟದೆ ಎತ್ತಿಡುವ ಮಾಲೀಕರು ಕಡಿಮೆ. ಮೇಲಿನ ಮಹಡಿಗೋ ಮಗಳ ಮದುವೆಗೋ ಅದು ಖರ್ಚಾಗಿರುತ್ತದೆ. ಹಾಗಾಗಿ ಹಳಬರ ಅಡ್ವಾನ್ಸನ್ನು ಹೊಸಬರ ಅಡ್ವಾನ್ಸಿನಿಂದ ತೀರಿಸಲು ನೋಡುತ್ತಾರೆ.

ಆದರೆ ಹೊಸಬರು ಬರುವವರೆಗೆ ಹಳಬರು ಕಾಯಬೇಕೆಂದು ಕರಾರು ಪತ್ರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮನೆ ಒಪ್ಪಿಸಿದಾಗ, ಬಾಕಿ ಏನಾದರೂ ಇದ್ದರೆ ಕಳೆದುಕೊಂಡು, ಬಡ್ಡಿಯಿಲ್ಲದೆ ಮುಂಗಡ ಹಿಂದಿರುಗಿಸಬೇಕೆಂದೇ ಬರೆದಿರುತ್ತದೆ. ಕಾಗದ ಬರೆಯಲು ಕೂರುವ ಮೊದಲು ಆ ಸಾಲನ್ನು ಹುಡುಕಿ ಓದಿಕೊಳ್ಳಬೇಕು.

ಇಂಥ ಕಾಗದದ ಬಲವೆಲ್ಲ ಲೆಕ್ಕದಲ್ಲಿದೆ. ‘ದಯವಿಟ್ಟು ಬೇಗ ಕೊಡಿ’ ಎಂದಷ್ಟೇ ಕೇಳಿದರೆ ‘ಆಯ್ತು, ನೋಡೋಣ’ ಎನ್ನುವುದು ಸುಲಭ. ಕಳೆಯಬೇಕಾದುದನ್ನು ನಾವೇ ಕಳೆದು, ಉಳಿದ ಮೊತ್ತವನ್ನೂ ಒಂದು ದಿನಾಂಕವನ್ನೂ ಮುಂದಿಟ್ಟರೆ ಮಾಲೀಕರು ಒಪ್ಪಬೇಕು, ಇಲ್ಲವೇ ಯಾವ ಅಂಕಿ ತಪ್ಪೆಂದು ಹೇಳಬೇಕು. 15,000 ರೂಪಾಯಿ ಬಾಡಿಗೆಯ, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟ ಮನೆ ಎಂದಿಟ್ಟುಕೊಳ್ಳೋಣ. ಕಾಗದ ಹೀಗಿರಬಹುದು:

‘ಮಾನ್ಯರೇ, ನಮಸ್ಕಾರ. ನಿಮ್ಮ ಮನೆಯ ಮೊದಲ ಮಹಡಿಯಲ್ಲಿ ಮೂರು ವರ್ಷ ಬಾಡಿಗೆಗಿದ್ದ ನಾವು, ಎರಡು ತಿಂಗಳು ಮುಂಚೆಯೇ ತಿಳಿಸಿ, ಮೇ 31ರಂದು ಮನೆ ಖಾಲಿ ಮಾಡಿ ಕೀಲಿಗಳನ್ನು ನಿಮಗೆ ಒಪ್ಪಿಸಿದ್ದೇವೆ. ಕರಾರಿನಂತೆ ನಾವು ಕೊಟ್ಟಿದ್ದ ಮುಂಗಡ 1,50,000 ರೂಪಾಯಿ. ಇದರಲ್ಲಿ ಬಣ್ಣದ ಖರ್ಚು 15,000, ಮೇ ತಿಂಗಳ ಕರೆಂಟ್ ಬಿಲ್ 1,140, ನೀರಿನ ಬಿಲ್ 600 ಕಳೆದರೆ 1,33,260 ಉಳಿಯುತ್ತದೆ. ಕೀಲಿ ಕೊಟ್ಟ ದಿನ ನೀವು 50,000 ಕೊಟ್ಟಿದ್ದೀರಿ. ಬಾಕಿ 83,260 ರೂಪಾಯಿಯನ್ನು ಜೂನ್ 30ರೊಳಗೆ ಕೆಳಗಿನ ಖಾತೆಗೆ ಹಾಕಬೇಕೆಂದು ವಿನಂತಿ. ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ಯಾವ ಬಾಬ್ತು, ಎಷ್ಟು ಎಂದು ಬರೆದು ತಿಳಿಸಿ. ಒಂದೇ ಸಲ ಕೊಡುವುದು ಕಷ್ಟವಾದರೆ ಎರಡು ಕಂತಿನಲ್ಲಿ ಕೊಡಬಹುದು, ದಿನಾಂಕ ತಿಳಿಸಿದರೆ ಸಾಕು. ಇಷ್ಟು ವರ್ಷ ನೀವು ತೋರಿದ ವಿಶ್ವಾಸಕ್ಕೆ ಕೃತಜ್ಞರಾಗಿದ್ದೇವೆ. ಇಂತಿ ನಿಮ್ಮ ವಿಶ್ವಾಸಿ.’

ಕೋರ್ಟು, ವಕೀಲರ ಮಾತು ಇಲ್ಲಿ ಬೇಕೆಂದೇ ಬಂದಿಲ್ಲ. ಮೊದಲ ಕಾಗದದಲ್ಲೇ ಬೆದರಿಸಿದರೆ, ಕೊಡುವ ಮನಸ್ಸಿದ್ದವರೂ ಹಟಕ್ಕೆ ಬೀಳುತ್ತಾರೆ. ಕಂತಿನ ಮಾತು ಸೇರಿಸಿದ್ದಕ್ಕೂ ಕಾರಣವಿದೆ: ಹಣ ನಿಜವಾಗಿಯೂ ಕೈಯಲ್ಲಿಲ್ಲದ ಮಾಲೀಕರಿಗೆ ಮರ್ಯಾದೆ ಉಳಿಸಿಕೊಂಡು ಒಪ್ಪಿಕೊಳ್ಳಲು ಒಂದು ದಾರಿ ಸಿಗುತ್ತದೆ.

ಜಗಳ ಹೆಚ್ಚಾಗಿ ಹುಟ್ಟುವುದು ಬಣ್ಣದ ಬಾಬ್ತಿನಲ್ಲಿ. ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಹಿಡಿದುಕೊಳ್ಳುವುದು ಇಲ್ಲಿನ ವಾಡಿಕೆ, ಕಾನೂನಲ್ಲ. ಕರಾರಿನಲ್ಲಿ ಬರೆದು ಸಹಿ ಹಾಕಿದ್ದರೆ ಅದನ್ನು ಒಪ್ಪಿ ಕಳೆಯಬೇಕು; ನಮ್ಮ ಉದಾಹರಣೆಯಲ್ಲಿ ಹಾಗೆ ಬರೆದಿತ್ತೆಂದು ಭಾವಿಸಿದ್ದೇವೆ. ಬರೆದಿಲ್ಲವಾದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ನೆನಪಿಡುವಂಥದ್ದು. ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಸಹಜ ಬಳಕೆಯಿಂದ ಆದ ಸವೆತಕ್ಕೆ ಅವನು ಹೊಣೆಯಲ್ಲ ಎಂಬುದು ಅದರ ತಾತ್ಪರ್ಯ. ಮೂರು ವರ್ಷದಲ್ಲಿ ಗೋಡೆ ಮಾಸಿದರೆ ಅದು ಸವೆತ. ನಮ್ಮ ಕೈಯಿಂದ ಒಡೆದ ವಾಶ್‌ಬೇಸಿನ್, ಮುರಿದ ಕಿಟಕಿ ಗಾಜು ನಮ್ಮ ಲೆಕ್ಕಕ್ಕೇ ಸೇರಬೇಕು, ಅದನ್ನು ಕಾಗದದಲ್ಲಿ ನಾವೇ ಬರೆಯುವುದು ಒಳ್ಳೆಯದು. ಖಾಲಿ ಕೋಣೆಗಳ ಫೋಟೋ ಇದ್ದರೆ ಯಾವುದು ಯಾವುದೆಂಬ ವಾದ ಬೇಗ ಮುಗಿಯುತ್ತದೆ. ಕೀಲಿ ಕೊಡುವ ದಿನ ಮಾಲೀಕರ ಜೊತೆಯಲ್ಲೇ ಮನೆ ಸುತ್ತಿ ಅವನ್ನು ತೆಗೆದಿಟ್ಟುಕೊಳ್ಳಬೇಕು.

ಈ ಕಾಗದವನ್ನು ವಾಟ್ಸಾಪ್‌ನಲ್ಲಿ ಕಳಿಸಿದರೂ, ಕರಾರಿನ ನಕಲಿನೊಂದಿಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ ರಸೀದಿ ಜೋಪಾನ ಮಾಡಬೇಕು. ಕೊಟ್ಟ ದಿನಾಂಕ ದಾಟಿದರೆ ಅದೇ ಲೆಕ್ಕವನ್ನು ಇಟ್ಟು ಇನ್ನೊಂದು ಕಾಗದ, ಆಮೇಲೆ ವಕೀಲರ ನೋಟಿಸ್. ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಂಸ್ಥೆಯಲ್ಲಿ, ದಾವೆ ಹೂಡುವ ಮೊದಲೇ ರಾಜಿಗೆ ಅರ್ಜಿ ಕೊಡುವ ದಾರಿಯೂ ಇದೆ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ ಇದೆ; ‘ಮುಂದಿನ ತಿಂಗಳು’ ಎಂಬ ಬಾಯಿಮಾತುಗಳಿಂದ ಆ ಅವಧಿ ಬೆಳೆಯುವುದಿಲ್ಲ. ಅವಧಿ ಮುಗಿಯುವ ಮೊದಲು ಮಾಲೀಕರು ಬಾಕಿಯನ್ನು ಒಪ್ಪಿ ಸಹಿ ಹಾಕಿ ಬರೆದುಕೊಟ್ಟರೆ ಆ ದಿನದಿಂದ ಹೊಸ ಎಣಿಕೆ ಶುರುವಾಗುತ್ತದೆ. ಹಾಗಾಗಿ ಮಾಲೀಕರು ಸಮಯ ಕೇಳಿದಾಗ, ಎಷ್ಟು ಬಾಕಿ, ಎಂದು ಕೊಡುತ್ತಾರೆ ಎಂಬ ಎರಡು ಸಾಲನ್ನು ಅವರ ಸಹಿಯೊಂದಿಗೆ ಬರೆಸಿಕೊಳ್ಳಬೇಕು.