ಗೋಡೆಯ ನೀಲಿ ಕೂದಲಲ್ಲಿ ಉಳಿದಾಗ

ಮದುವೆಯ ಗುಂಪು ಫೋಟೊದಲ್ಲಿ ಒಬ್ಬರು ಇರುವುದಿಲ್ಲ. ತಂಗಿಗೆ ಪರೀಕ್ಷೆ ಇದ್ದಿರಬಹುದು, ಅಣ್ಣನಿಗೆ ವಿದೇಶದಿಂದ ಬರಲು ರಜೆ ಸಿಕ್ಕಿರಲಿಕ್ಕಿಲ್ಲ. ಆಲ್ಬಮ್ ಪ್ರಿಂಟಿಗೆ ಹೋಗುವ ಮೊದಲು ಮನೆಯವರು ಇನ್ನೊಂದು ಫೋಟೊ ತಂದುಕೊಟ್ಟು, ಅವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಡಿ ಎಂದು ಸ್ಟುಡಿಯೊದವರನ್ನು ಕೇಳುತ್ತಾರೆ. ಸೀರೆಯ ನೆರಿಗೆ, ತೋಳು, ಪಾದಗಳ ಅಂಚನ್ನು ಬಿಡಿಸುವುದು ತಾಳ್ಮೆಯ ಕೆಲಸ, ಅಷ್ಟೆ. ಅಂಟಿಸಿದ್ದು ಎಂಬ ಗುಟ್ಟು ರಟ್ಟಾಗುವುದು ತಲೆಯ ಸುತ್ತಲೇ. ಹಣೆಯ ಮೇಲಿನ ಮುಂಗುರುಳು, ಕಿವಿಯ ಹಿಂದೆ ಹಾರುವ ನಾಲ್ಕು ಎಳೆ, ಬೈತಲೆಯ ಮೇಲೆ ಎದ್ದುನಿಂತ ಸಣ್ಣ ಕೂದಲು, ಇವೇ ಕೆಲಸ ಕೆಡಿಸುತ್ತವೆ.

ಕಾರಣ ಒಂದು ಸಣ್ಣ ಲೆಕ್ಕದಲ್ಲಿದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ನಿಲುವು ಫೋಟೊ ತೆಗೆದರೆ ಚಿತ್ರದ ಎತ್ತರ ಸುಮಾರು 6000 ಪಿಕ್ಸೆಲ್. ಅದರಲ್ಲಿ 160 ಸೆಂಟಿಮೀಟರ್ ಎತ್ತರದ ಹುಡುಗಿ 4800 ಪಿಕ್ಸೆಲ್‌ನಷ್ಟು ಜಾಗ ತುಂಬಿದ್ದಾಳೆ ಎಂದುಕೊಳ್ಳಿ. ಆಗ ಒಂದು ಪಿಕ್ಸೆಲ್ ಅವಳ ಮೈಮೇಲಿನ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೆ ಸಮ. ಕೂದಲೆಳೆಯ ದಪ್ಪವೋ ಮಿಲಿಮೀಟರಿನ ನೂರರಲ್ಲಿ ಏಳು ಭಾಗದ ಆಸುಪಾಸು. ಅಂದರೆ ಒಂಟಿ ಎಳೆಯೊಂದು ಹಾದುಹೋಗುವ ಪಿಕ್ಸೆಲ್‌ನಲ್ಲಿ ಕೂದಲಿನ ಪಾಲು ಐದನೇ ಒಂದು, ಉಳಿದ ನಾಲ್ಕು ಪಾಲು ಹಿಂದಿನ ಗೋಡೆಯದು. ನಮ್ಮ ಕಣ್ಣಿಗೆ ಅದು ಕಪ್ಪು ಕೂದಲು, ಫೈಲಿನಲ್ಲಿ ಇರುವುದು ಗೋಡೆಯ ಬಣ್ಣ ಕೊಂಚ ಮಂಕಾದ ಒಂದು ಚುಕ್ಕಿ ಮಾತ್ರ. ಮುಖವನ್ನಷ್ಟೇ ಹತ್ತಿರದಿಂದ ತೆಗೆದ ಫೋಟೊದಲ್ಲಿ ಈ ತೊಂದರೆ ಕಡಿಮೆ, ಏಕೆಂದರೆ ಅಲ್ಲಿ ಎಳೆಯೊಂದಕ್ಕೆ ಒಂದೆರಡು ಪಿಕ್ಸೆಲ್ ಪೂರ್ತಿಯಾಗಿಯೇ ಸಿಗುತ್ತವೆ. ಇಡೀ ಆಳನ್ನು ಬಿಡಿಸುವಾಗ ಸಿಗುವುದಿಲ್ಲ.

ಹಾಗಾಗಿ ಕೂದಲನ್ನು ಕತ್ತರಿಸಲು ಹೋಗಬಾರದು. ಪ್ರತಿ ಪಿಕ್ಸೆಲ್‌ನಲ್ಲಿ ಕೂದಲಿನ ಪಾಲು ಎಷ್ಟು ಎಂದು ಅಂದಾಜು ಮಾಡಬೇಕು, ಉಳಿದ ಪಾಲಿಗೆ ಹೊಸ ಹಿನ್ನೆಲೆ ತುಂಬಬೇಕು. ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಬರೆದ ಪ್ರಬಂಧ ಈ ಪಾಲಿನ ಲೆಕ್ಕವನ್ನು ಒಂದು ಚೌಕಟ್ಟಿಗೆ ತಂದಿತು. ಇಂದು ಫೋಟೊಶಾಪ್, ಗಿಂಪ್ ಎರಡರಲ್ಲೂ ಲೇಯರ್ ಮಾಸ್ಕ್ ಎಂದು ನಾವು ಬಳಸುವುದು ಆ ಲೆಕ್ಕವನ್ನೇ. ಮಾಸ್ಕ್‌ನಲ್ಲಿ ಬಿಳಿ ಇದ್ದ ಕಡೆ ಚಿತ್ರ ಕಾಣುತ್ತದೆ, ಕಪ್ಪಿದ್ದ ಕಡೆ ಮರೆಯಾಗುತ್ತದೆ, ಬೂದು ಇದ್ದ ಕಡೆ ಅರೆಬರೆ ಕಾಣುತ್ತದೆ. ಹಾರುವ ಕೂದಲಿಗೆ ಬೇಕಾದದ್ದು ಈ ಬೂದು.

ಒಂದು ಕೆಲಸವನ್ನು ಪೂರ್ತಿಯಾಗಿ ನೋಡೋಣ. ಹುಡುಗಿ ಮನೆಯ ತಿಳಿನೀಲಿ ಗೋಡೆಯ ಮುಂದೆ ರೇಷ್ಮೆ ಸೀರೆಯುಟ್ಟು ನಿಂತಿದ್ದಾಳೆ, ತಲೆಯಲ್ಲಿ ಮಲ್ಲಿಗೆ, ಕನಕಾಂಬರ ಎರಡೂ ಇವೆ. ಅವಳು ಹೋಗಿ ನಿಲ್ಲಬೇಕಾದದ್ದು ಕಲ್ಯಾಣ ಮಂಟಪದ ವೇದಿಕೆಯ ಮೇಲೆ. ಹಿಂದೆ ಮರೂನ್ ಬಣ್ಣದ ಪರದೆ, ಹಳದಿ ಬೆಳಕು.

ಮೊದಲು ಅವಳ ಲೇಯರನ್ನು ಎರಡು ಪ್ರತಿ ಮಾಡಿಕೊಳ್ಳಬೇಕು, ಒಂದು ಮೈಗೆ, ಇನ್ನೊಂದು ಕೂದಲಿಗೆ. ಮೈಯ ಪ್ರತಿಯನ್ನು ಪೆನ್ ಟೂಲ್‌ನಿಂದ ಬಿಡಿಸಬೇಕು, ಗೆರೆ ಅಂಚಿಗಿಂತ ಒಂದು ಪಿಕ್ಸೆಲ್ ಒಳಗಿರಲಿ. ತಲೆಯ ಹತ್ತಿರ ಬಂದಾಗ ಗೆರೆ ಕೂದಲಿನ ಹೊರ ಅಂಚನ್ನು ಹಿಡಿಯಬಾರದು, ದಟ್ಟವಾದ ಕಪ್ಪಿನ ಒಳಗಡೆಯೇ ಹಾದುಹೋಗಬೇಕು. ಹೊರಗಿನ ಮೃದುವಾದ ಅಂಚೆಲ್ಲ ಎರಡನೇ ಪ್ರತಿಯ ಪಾಲು. ಬಟ್ಟೆಯ ಚೂಪಾದ ಅಂಚನ್ನೂ ಕೂದಲಿನ ಮಸುಕಾದ ಅಂಚನ್ನೂ ಒಂದೇ ಮಾಸ್ಕ್‌ನಲ್ಲಿ ಹಿಡಿಯಲು ಹೋದರೆ, ಒಂದಕ್ಕೆ ಹೊಂದಿಸಿದ್ದು ಇನ್ನೊಂದನ್ನು ಕೆಡಿಸುತ್ತದೆ.

ಕೂದಲಿನ ಪ್ರತಿಗೆ ಮಾಸ್ಕ್ ಕೊಡುವುದು ಫೋಟೊ ತಾನೇ. Channels ಪಟ್ಟಿಯಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಒಂದೊಂದಾಗಿ ತೆರೆದು ನೋಡಿದರೆ ಮೂರು ಬೇರೆ ಬೇರೆ ಕಪ್ಪು-ಬಿಳುಪು ಚಿತ್ರಗಳು ಕಾಣುತ್ತವೆ. ಗೋಡೆ ನೀಲಿಯಾದ್ದರಿಂದ ನೀಲಿ ಚಾನೆಲ್‌ನಲ್ಲಿ ಅದು ಬೆಳ್ಳಗಿರುತ್ತದೆ. ಕೂದಲು ಅಲ್ಲಿ ಕಡುಕಪ್ಪು, ಬಿಸಿಲಿಗೆ ಕಂದಾದ ತುದಿಗಳೂ ಕಪ್ಪೇ. ಆ ಚಾನೆಲ್‌ನ ನಕಲು ತೆಗೆದು, ನಕಲಿನ ಮೇಲೆ Levels ತೆರೆಯಬೇಕು. ಬಿಳಿ ತುದಿಯನ್ನು ಗೋಡೆ ಅಚ್ಚ ಬಿಳಿಯಾಗುವವರೆಗೆ ಒಳಕ್ಕೆ ಎಳೆಯಬೇಕು, ಕಪ್ಪು ತುದಿಯನ್ನು ಕೂದಲಿನ ಗಂಟು ಕಪ್ಪಾಗುವವರೆಗೆ ಮಾತ್ರ.

ಹೆಚ್ಚಿನವರು ಎಡವುವುದು ಇಲ್ಲೇ. ಅಂಚು ಸ್ಪಷ್ಟವಾಗಲಿ ಎಂದು ಎರಡೂ ತುದಿಗಳನ್ನು ಜಗ್ಗಿ ಹತ್ತಿರ ತಂದರೆ ನಡುವಿನ ಬೂದು ಪೂರ್ತಿ ಅಳಿಸಿಹೋಗುತ್ತದೆ. ಎಳೆಗಳು ಒಂದೋ ಮಾಯವಾಗುತ್ತವೆ, ಇಲ್ಲವೇ ಒಂದು ಪಿಕ್ಸೆಲ್ ಅಗಲದ ಅಚ್ಚಕಪ್ಪು ಗೆರೆಗಳಾಗಿ ನಿಜಕ್ಕಿಂತ ನಾಲ್ಕೈದು ಪಟ್ಟು ದಪ್ಪವಾಗುತ್ತವೆ. ತಲೆಗೆ ಟೋಪಿ ಹಾಕಿದಂತೆ ಕಾಣುವ ಕಟಿಂಗ್‌ಗಳೆಲ್ಲ ಹುಟ್ಟುವುದು ಹೀಗೆ. ಗೋಡೆಯ ಮೇಲೆ ಅಲ್ಲಲ್ಲಿ ನೆರಳು ಉಳಿದಿದ್ದರೆ Levels ಅನ್ನು ಇನ್ನಷ್ಟು ಬಿಗಿ ಮಾಡಬೇಡಿ. Dodge ಟೂಲ್ ತೆಗೆದುಕೊಂಡು, ಅದರ Range ಅನ್ನು Highlights ಎಂದಿಟ್ಟು, ಶೇಕಡಾ 10-15ರ ಬಲದಲ್ಲಿ ಆ ಜಾಗಗಳಲ್ಲಿ ಸವರಿ. ಅದು ತಿಳಿಬಣ್ಣವನ್ನು ಬೆಳಗಿಸುತ್ತದೆ, ಕೂದಲಿನ ಗಾಢ ಭಾಗವನ್ನು ಹೆಚ್ಚು ಕೆಣಕುವುದಿಲ್ಲ. ಕೊನೆಗೆ Ctrl+I ಒತ್ತಿ ಕಪ್ಪು-ಬಿಳಿ ತಿರುವುಮುರುವು ಮಾಡಿ, ಅದನ್ನು ಕೂದಲಿನ ಲೇಯರ್‌ಗೆ ಮಾಸ್ಕ್ ಆಗಿ ಕೊಡಬೇಕು.

ಈ ಹಂತದಲ್ಲಿ ಕಾದುಕೊಂಡಿರುವ ತೊಂದರೆ ಮಲ್ಲಿಗೆಯದು. ಕನಕಾಂಬರದ ಕಿತ್ತಳೆಯಲ್ಲಿ ನೀಲಿಯ ಅಂಶ ಬಹಳ ಕಡಿಮೆ, ಹಾಗಾಗಿ ನೀಲಿ ಚಾನೆಲ್‌ನಲ್ಲಿ ಅದು ಕೂದಲಿನ ಜೊತೆಗೇ ಕಪ್ಪಾಗಿ ಉಳಿಯುತ್ತದೆ. ಮಲ್ಲಿಗೆ ಹಾಗಲ್ಲ, ಗೋಡೆಯಷ್ಟೇ ಬೆಳ್ಳಗಾಗಿ ಗೋಡೆಯ ಜೊತೆಗೇ ಅಳಿಸಿಹೋಗುತ್ತದೆ. ಮಂಟಪದ ಮೇಲೆ ಇಟ್ಟು ನೋಡಿದಾಗ ಹೂವಿನ ಜಾಗದಲ್ಲಿ ಮರೂನ್ ಪರದೆ ಇಣುಕುತ್ತದೆ. ಇದಕ್ಕೆ ಚಾನೆಲ್‌ನಲ್ಲಿ ಮದ್ದಿಲ್ಲ. ಹೂವಿನ ಅಂಚು ಚೂಪಾದದ್ದೇ ಆದ್ದರಿಂದ ಅದನ್ನು ಪೆನ್ ಟೂಲ್‌ನಿಂದ ಬಿಡಿಸಿ ಮೈಯ ಲೇಯರ್‌ಗೆ ಸೇರಿಸಬೇಕು. ಹಾಗೆಯೇ ಝುಮುಕಿ ಮತ್ತು ಕತ್ತಿನ ನಡುವಿನ ಸಂದು, ತೋಳು ಮತ್ತು ಸೊಂಟದ ನಡುವಿನ ಸಂದುಗಳಲ್ಲಿ ಹಳೆಯ ಗೋಡೆ ಉಳಿದಿದೆಯೇ ನೋಡಿಕೊಳ್ಳಬೇಕು.

ಮಾಸ್ಕ್ ಸರಿಯಾಯಿತು ಎಂದಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ವೇದಿಕೆಯ ಮೇಲೆ ಇಟ್ಟರೆ ತಲೆಯ ಸುತ್ತ ಒಂದು ತೆಳು ನೀಲಿ ಪ್ರಭೆ ಕಾಣುತ್ತದೆ. ಮಾಸ್ಕ್ ಹೇಳುವುದು ಆ ಪಿಕ್ಸೆಲ್ ಎಷ್ಟು ಕಾಣಬೇಕು ಎಂಬುದನ್ನು ಮಾತ್ರ, ಆ ಪಿಕ್ಸೆಲ್‌ನ ಒಳಗೆ ಬೆರೆತ ಗೋಡೆಯ ಬಣ್ಣವನ್ನು ಅದು ತೆಗೆಯುವುದಿಲ್ಲ. ಬಿಳಿ ಹಿನ್ನೆಲೆಯ ಮೇಲೆ ಇದು ಗೊತ್ತೇ ಆಗದಿರಬಹುದು, ಮರೂನ್ ಪರದೆಯ ಮುಂದೆ ಕಣ್ಣಿಗೆ ರಾಚುತ್ತದೆ. ಪರಿಹಾರ ಸರಳ. ಕೂದಲಿನ ಲೇಯರ್‌ನ ಮೇಲೆ ಖಾಲಿ ಲೇಯರ್ ಒಂದನ್ನು ಇಟ್ಟು, Create Clipping Mask ಕೊಟ್ಟು, ಅದನ್ನು ಕೆಳಗಿನದಕ್ಕೆ ಕಟ್ಟಿಹಾಕಬೇಕು. ಹತ್ತಿರದ ಕೂದಲಿನಿಂದಲೇ ಕಂದುಗಪ್ಪು ಬಣ್ಣ ಆರಿಸಿಕೊಂಡು, ಮೃದುವಾದ ಬ್ರಶ್‌ನಿಂದ ಅಂಚಿನುದ್ದಕ್ಕೂ ಬಳಿಯಬೇಕು. ಎಳೆಗಳ ಆಕಾರವೆಲ್ಲ ಮಾಸ್ಕ್‌ನಲ್ಲಿ ಭದ್ರವಾಗಿರುವುದರಿಂದ ಬಳಿದ ಬಣ್ಣ ಎಳೆಗಳಲ್ಲಿ ಮಾತ್ರ ಕಾಣುತ್ತದೆ, ನೀಲಿ ಅಡಿಗೆ ಹೋಗುತ್ತದೆ. ಒಂದೇ ಬಣ್ಣ ಸಾಲದು. ನೆತ್ತಿಯ ಬಳಿ ಬೆಳಕು ಬಿದ್ದ ಕಂದು, ಕತ್ತಿನ ಬಳಿ ಕಪ್ಪು ಎಂದು ಜಾಗಕ್ಕೆ ತಕ್ಕಂತೆ ಬದಲಿಸಬೇಕು.

ಫೋಟೊಶಾಪ್‌ನ Select and Mask ಒಳಗಿರುವ Decontaminate Colors ಮಾಡುವುದೂ ಬಹುಪಾಲು ಇದೇ ಕೆಲಸವನ್ನು. ಗೋಡೆ ಸಾದಾ ಆಗಿದ್ದರೆ ಅದು ಚೆನ್ನಾಗಿಯೇ ಮಾಡುತ್ತದೆ. ಹಿಂದೆ ಗಿಡ, ಕಿಟಕಿ, ಹೂವಿನ ಪರದೆ ಇದ್ದರೆ ತಪ್ಪು ಬಣ್ಣ ಎಳೆದು ತರುತ್ತದೆ. ಪಿಕ್ಸೆಲ್‌ಗಳ ಬಣ್ಣವನ್ನೇ ಅದು ಬದಲಿಸುವುದರಿಂದ ಫಲಿತಾಂಶವನ್ನು ಹೊಸ ಲೇಯರ್‌ನಲ್ಲೇ ಪಡೆಯಬೇಕು.

ಎಷ್ಟು ಎಳೆ ಉಳಿಸಬೇಕು? ಎಲ್ಲವನ್ನೂ ಉಳಿಸುವ ಹಟ ಬೇಡ. ಗುಂಪು ಫೋಟೊದಲ್ಲಿ ಪ್ರತಿಯೊಬ್ಬರೂ ಸುಮಾರು 2400 ಪಿಕ್ಸೆಲ್ ಎತ್ತರ ಇದ್ದಾರೆ ಎಂದುಕೊಳ್ಳಿ. ಹುಡುಗಿಯನ್ನು ಅರ್ಧಕ್ಕೆ ಕುಗ್ಗಿಸಿದಾಗ ಒಂಟಿ ಎಳೆಯ ಪಾಲು ಐದರಲ್ಲಿ ಒಂದರಿಂದ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ, ಅಂದರೆ ಅದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅಳತೆಗೋಲು ಆ ಫೋಟೊದಲ್ಲೇ ಇದೆ. ಪಕ್ಕದಲ್ಲಿ ನಿಂತವರ ತಲೆಗಳನ್ನು ನೋಡಿ. ಅವರ ಕೂದಲಿನ ಅಂಚು ಎಷ್ಟು ಮೃದು, ಎಳೆಗಳು ಕಾಣುತ್ತವೆಯೇ, ಹಿಂದಿನ ದೀಪದ ಹಳದಿ ಅಂಚಿನಲ್ಲಿ ಎಷ್ಟು ಹೊಳೆಯುತ್ತಿದೆ? ಅವರ ಕೂದಲು ಮಸುಕಾಗಿದ್ದು ಇವಳದೊಂದೇ ಎಳೆ ಎಳೆಯಾಗಿ ಕಂಡರೆ, ಕಟಿಂಗ್ ಎಷ್ಟೇ ನಾಜೂಕಾಗಿದ್ದರೂ ಅಂಟಿಸಿದ್ದು ಎಂದು ಗೊತ್ತಾಗುತ್ತದೆ.

ಆದ್ದರಿಂದ ಅನುಭವಸ್ಥರು ದೂರಕ್ಕೆ ಹಾರಿದ ಎಳೆಗಳನ್ನು ಮಾಸ್ಕ್‌ನಲ್ಲಿ ಕಪ್ಪು ಬಳಿದು ತೆಗೆದೇಬಿಡುತ್ತಾರೆ. ಅಂಚು ತೀರಾ ನುಣುಪಾಯಿತು ಎನಿಸಿದರೆ, ಕುಗ್ಗಿಸಿದ ಮೇಲೆ, ಬೇರೆ ಲೇಯರ್‌ನಲ್ಲಿ ಒಂದು ಪಿಕ್ಸೆಲ್ ಬ್ರಶ್‌ನಿಂದ ಕೆಲವೇ ಎಳೆಗಳನ್ನು ಹೊಸದಾಗಿ ಬರೆಯುತ್ತಾರೆ. ಬುಡದಿಂದ ಶುರುಮಾಡಿ ತುದಿಗೆ ಹೋದಂತೆ ಒತ್ತು ಕಡಿಮೆಯಾಗಬೇಕು, ಬಾಚಿದ ದಿಕ್ಕಿಗೇ ಸಾಗಬೇಕು. ಒಂದರಿಂದ ಒಂದಕ್ಕೆ ಸಮ ಅಂತರ ಇರಬಾರದು, ಎರಡು ಒಂದನ್ನೊಂದು ದಾಟಿದರೆ ಒಳ್ಳೆಯದು. ಬಣ್ಣ ಗಾಢವಾಗಿ ಕಂಡರೆ ಆ ಲೇಯರ್‌ನ Opacity ಇಳಿಸಿದರೆ ಸಾಕು. ನನ್ನ ಮಟ್ಟಿಗೆ, ನಿಲುವು ಫೋಟೊದಲ್ಲಿ ನಿಜವಾದ ಎಳೆಯನ್ನು ಗಂಟೆಗಟ್ಟಲೆ ಉಳಿಸಿಕೊಳ್ಳುವುದಕ್ಕಿಂತ ಹೀಗೆ ಬರೆದದ್ದೇ ಹೆಚ್ಚು ನಂಬುವಂತಿರುತ್ತದೆ.

ಪರೀಕ್ಷೆಗೆ ಎರಡು ದಾರಿ ಇವೆ. Alt ಒತ್ತಿ ಮಾಸ್ಕ್ ಮೇಲೆ ಕ್ಲಿಕ್ ಮಾಡಿದರೆ ಮಾಸ್ಕ್ ಮಾತ್ರ ಕಾಣುತ್ತದೆ. ತಲೆಯಿಂದ ದೂರದಲ್ಲೂ ಬೂದು ಮಬ್ಬು ಉಳಿದಿದ್ದರೆ ಪ್ರಿಂಟಿನಲ್ಲಿ ಅದು ಕೊಳೆಯಂತೆ ಬರುತ್ತದೆ. ಇನ್ನೊಂದು, ಹುಡುಗಿಯ ಹಿಂದೆ ಒಮ್ಮೆ ಅಚ್ಚಕಪ್ಪು, ಒಮ್ಮೆ ಅಚ್ಚಬಿಳಿ ಇಟ್ಟು ನೋಡುವುದು. ಕಪ್ಪಿನ ಮುಂದೆ ಗೋಡೆಯ ಪ್ರಭೆ ಎದ್ದು ಕಾಣುತ್ತದೆ, ಬಿಳಿಯ ಮುಂದೆ ದಪ್ಪಗಾದ ಎಳೆಗಳು ಸಿಕ್ಕಿಬೀಳುತ್ತವೆ. ತೀರ್ಪನ್ನು ಶೇಕಡಾ 100ರ ಝೂಮ್‌ನಲ್ಲಿ ಕೊಡಬೇಕು. ಅದಕ್ಕಿಂತ ದೊಡ್ಡದು ಮಾಡಿ ನೋಡಿದರೆ ಪ್ರಿಂಟಿನಲ್ಲಿ ಯಾರಿಗೂ ಕಾಣದ ದೋಷಗಳ ಬೆನ್ನು ಹತ್ತಿ ಸಮಯ ಹೋಗುತ್ತದೆ.

ಈ ವಿಧಾನ ಕೈಕೊಡುವ ಸಂದರ್ಭವೂ ಇದೆ. ತಿಳಿ ಗೋಡೆಯ ಮುಂದೆ ನಿಂತ ಅಜ್ಜಿಯ ನರೆಗೂದಲು ಯಾವ ಚಾನೆಲ್‌ನಲ್ಲೂ ಬೇರೆಯಾಗಿ ಕಾಣುವುದಿಲ್ಲ. ಅಲ್ಲಿ ಇಡೀ ಅಂಚನ್ನೇ ಕೈಯಲ್ಲಿ ಬರೆಯಬೇಕಾಗುತ್ತದೆ.

ಫೋಟೊ ಕಳಿಸುವವರಿಗೆ ಮೂರು ಮಾತು. ಕಪ್ಪು ಕೂದಲಿನವರನ್ನು ತಿಳಿ ಗೋಡೆಯ ಮುಂದೆ, ನರೆಗೂದಲಿನವರನ್ನು ಗಾಢ ಬಣ್ಣದ ಗೋಡೆಯ ಮುಂದೆ ನಿಲ್ಲಿಸಿ. ಗೋಡೆಗೆ ಒರಗಿಸಬೇಡಿ, ನೆರಳು ಕೂದಲಿನ ಹಿಂದೆ ಬೀಳದಂತೆ ನಾಲ್ಕೈದು ಅಡಿ ಮುಂದಕ್ಕೆ ಕರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಕೂದಲಿನ ಅಂಚನ್ನು ಕಲಸಿಬಿಡುತ್ತದೆ, ಆದ್ದರಿಂದ Document ಆಗಿ ಕಳಿಸಿ.