ಮುಪ್ಪಿನಲ್ಲಿ ಸುಗಂಧದ ಅಳತೆ

ವಯಸ್ಸಾದಂತೆ ಘ್ರಾಣಶಕ್ತಿಯು ನಿಧಾನವಾಗಿ ಕುಂದುತ್ತದೆ. ಆಗ ಹಿರಿಯರು ತಮಗೆ ಪರಿಮಳ ತಿಳಿಯುವವರೆಗೂ ಅತ್ತರು ಹಚ್ಚುತ್ತಾರೆ. ಮೂಗು ಕೆಲವೇ ನಿಮಿಷಗಳಲ್ಲಿ ಅದಕ್ಕೆ ಒಗ್ಗಿಹೋಗುವುದರಿಂದ ಮತ್ತೂ ಹಚ್ಚುತ್ತಾರೆ. ಹಲಸೂರಿನಿಂದ ಕೆ.ಆರ್. ಪುರಕ್ಕೆ ಹೋಗುವ ಮೆಟ್ರೋ ಬೋಗಿಯಂತಹ ಮುಚ್ಚಿದ ಜಾಗದಲ್ಲಿ ಅದು ಪಕ್ಕದವರಿಗೆ ತಲೆನೋವನ್ನೂ ಉಬ್ಬಸವನ್ನೂ ತರಬಹುದು.

ಆದ್ದರಿಂದ ನಮ್ಮ ಹಿರಿಯ ಭಕ್ತರಿಗೆ ನಾವು ಹೇಳುವುದಿಷ್ಟೆ: ಅಳತೆಯನ್ನು ನಿಮ್ಮ ಮೂಗಿಗೆ ಬಿಡಬೇಡಿ. ಶಿವಾಜಿನಗರದಲ್ಲಿ ಅತ್ತರು ಕೊಳ್ಳುವಾಗ ಮನೆಯ ಕಿರಿಯರೊಬ್ಬರು ಜೊತೆಗಿರಲಿ. ದೂರಕ್ಕೆ ಹಬ್ಬುವ ಮಲ್ಲಿಗೆಗಿಂತ, ಮೈಗೆ ಅಂಟಿಕೊಂಡು ಮೆಲ್ಲನೆ ಸೂಸುವ ಶ್ರೀಗಂಧವು ಲೇಸು. ಒಂದೇ ತೊಟ್ಟನ್ನು ಮಣಿಕಟ್ಟಿಗೆ ಹಚ್ಚಿ, ಅರ್ಧ ಗಂಟೆಯ ಬಳಿಕ ಕಿರಿಯರನ್ನು ಒಂದು ಮಾರು ದೂರದಲ್ಲಿ ನಿಲ್ಲಿಸಿ ಕೇಳಿರಿ. ಅಲ್ಲಿಗೂ ಪರಿಮಳ ಬಂದರೆ ಅದು ಹೆಚ್ಚಾಯಿತು. ಮರುದಿನ ಕಡ್ಡಿಯ ತುದಿಯಿಂದ ಮುಟ್ಟಿಸಿದರೆ ಸಾಕು. ಹೀಗೆ ಗೊತ್ತಾದ ಅಳತೆಯನ್ನು ಬೆಳಿಗ್ಗೆ ಒಮ್ಮೆ ಮಾತ್ರ ಹಚ್ಚಿರಿ. ಪರಿಮಳವನ್ನು ಸವಿಯಬೇಕೆನಿಸಿದಾಗ ಮತ್ತೆ ಹಚ್ಚದೆ, ಮುಚ್ಚಳವಿರುವ ಚಿಕ್ಕ ಡಬ್ಬಿಯಲ್ಲಿ ಅತ್ತರು ಸೋಂಕಿಸಿದ ಹತ್ತಿಯನ್ನು ಇಟ್ಟುಕೊಂಡು ಮೂಗಿನ ಬಳಿ ಹಿಡಿಯಿರಿ. ಅದು ನಿಮಗಷ್ಟೇ ತಲುಪುತ್ತದೆ.

ವಾಸನೆಯೇ ಹಠಾತ್ತನೆ ಇಲ್ಲವಾದರೆ ವಯಸ್ಸಿನ ಲಕ್ಷಣವೆಂದು ಸುಮ್ಮನಿರದೆ ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಾಣಬೇಕು.